ಇರುವ 30 ಲಕ್ಷ ಎಲ್ಲಿಗೆ? ತೋಟದ ಸಂಸ್ಥೆಗಳಿಗೆ ಲಾಭದಾಯಕತೆ ಸೂಚ್ಯಂಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಮಾರಿ ದುಡ್ಡು ಕೈಗೆ ಬಂದ ಮೇಲೆ, ಮಳೆಗಾಲ ಹಿಡಿಯುವ ಮುಂಚೆ, ಕೊಡಗಿನ ಹೆಚ್ಚಿನ ತೋಟದ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಈ ಸಲ ಯಾವುದಕ್ಕೆ ಹಾಕೋಣ? ಅಣ್ಣನಿಗೆ ಹೋಂಸ್ಟೇ, ತಮ್ಮನಿಗೆ ಸ್ಪ್ರಿಂಕ್ಲರ್, ರೈಟರಿಗೆ ಹೊಸ ಕಣ. ಎಲ್ಲವೂ ಒಳ್ಳೆಯದೇ, ಆದರೆ ದುಡ್ಡು ಅಷ್ಟಿಲ್ಲ. ತೋಟದ ಲೆಕ್ಕ ಬರೆಯುವ ಕೆಲಸದಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದ್ದಕ್ಕೂ ಒಂದೇ ಉದಾಹರಣೆ ಇದೆ: ಸಿದ್ದಾಪುರದ ಕಡೆಯ ಒಂದು ಪಾಲುದಾರಿಕೆ ತೋಟ, ಕೈಯಲ್ಲಿ 30 ಲಕ್ಷ. ಅಂಕಿಗಳು ಲೆಕ್ಕ ಕಲಿಯಲು ನಾನೇ ಇಟ್ಟುಕೊಂಡವು. ನಿಮ್ಮ ತೋಟದ ಅಂಕಿ ಬೇರೆ ಇರುತ್ತದೆ.

ಲಾಭದಾಯಕತೆ ಸೂಚ್ಯಂಕ ಅಂದರೆ ಏನು?

ಇವತ್ತು ಹಾಕುವ ಒಂದೊಂದು ರೂಪಾಯಿಗೆ, ಮುಂದೆ ಬರುವ ದುಡ್ಡು ಇವತ್ತಿನ ಬೆಲೆಯಲ್ಲಿ ಎಷ್ಟು ಅನ್ನುವ ಅಂಕಿ. ಆಡಿಟರ್‌ಗಳು ಪಿಐ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಮುಂದಿನ ವರ್ಷಗಳಲ್ಲಿ ಬರುವ ದುಡ್ಡನ್ನು ಒಂದು ಬಡ್ಡಿ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಬೇಕು. ಅದನ್ನು ಇವತ್ತು ಹಾಕುವ ದುಡ್ಡಿನಿಂದ ಭಾಗಿಸಿದರೆ ಪಿಐ. ಭಾಗಿಸುವ ಬದಲು ಕಳೆದರೆ ಸಿಗುವುದು ಎನ್‌ಪಿವಿ, ಅಂದರೆ ನಿವ್ವಳ ವರ್ತಮಾನ ಮೌಲ್ಯ. ಎರಡೂ ಒಂದೇ ಅಂಕಿಗಳಿಂದ ಹುಟ್ಟುತ್ತವೆ. ಪಿಐ 1ಕ್ಕಿಂತ ಜಾಸ್ತಿ ಇದ್ದರೆ ಎನ್‌ಪಿವಿ ಸೊನ್ನೆಗಿಂತ ಮೇಲಿರುತ್ತದೆ. 1ಕ್ಕಿಂತ ಕಮ್ಮಿ ಇದ್ದರೆ ಆ ಕೆಲಸ ನಷ್ಟದ್ದು.

ಎನ್‌ಪಿವಿ ಇದ್ದ ಮೇಲೆ ಪಿಐ ಯಾಕೆ ಬೇಕು?

ದುಡ್ಡಿಗೆ ಮಿತಿ ಇಲ್ಲದಿದ್ದರೆ ಬೇಡವೇ ಬೇಡ. ಎನ್‌ಪಿವಿ ಸೊನ್ನೆಗಿಂತ ಮೇಲಿರುವ ಎಲ್ಲ ಕೆಲಸವನ್ನೂ ಮಾಡಿಬಿಡಬಹುದು. ಮಿತಿ ಇದ್ದಾಗ ಪ್ರಶ್ನೆ ಬದಲಾಗುತ್ತದೆ. ಕೊಟ್ಟಿಗೆ ಗೊಬ್ಬರ ಕಮ್ಮಿ ಇದ್ದ ವರ್ಷ ನಾವು ಏನು ಮಾಡುತ್ತೇವೆ? ದೊಡ್ಡ ಬ್ಲಾಕ್ ಅಂತ ನೋಡಿ ಹಾಕುವುದಿಲ್ಲ. ಒಂದು ಬುಟ್ಟಿ ಗೊಬ್ಬರಕ್ಕೆ ಎಲ್ಲಿ ಫಸಲು ಜಾಸ್ತಿ ಏಳುತ್ತದೋ ಅಲ್ಲಿಗೆ ಮೊದಲು ಹಾಕುತ್ತೇವೆ. ಇಲ್ಲಿ ಗೊಬ್ಬರದ ಜಾಗದಲ್ಲಿ ದುಡ್ಡು ಇದೆ, ಅಷ್ಟೇ.

ಒಂದು ಕೆಲಸದ ಪಿಐ ಹಾಕಿ ತೋರಿಸ್ತೀರಾ?

ಸ್ಪ್ರಿಂಕ್ಲರ್ ತೆಗೆದುಕೊಳ್ಳೋಣ. ಕೆರೆ ಹೂಳು ತೆಗೆಸಿ, ಪಂಪು, ಪೈಪು, ಜೆಟ್ ಎಲ್ಲ ಸೇರಿ 15 ಲಕ್ಷ. ರೊಬಸ್ಟಾಕ್ಕೆ ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಹೂಮಳೆ ಬೀಳಬೇಕು. ಕೆಲವು ವಾರದ ಮೇಲೆ ಬ್ಯಾಕಿಂಗ್ ಮಳೆಯೂ ಬೇಕು. ಅದು ಕೈಕೊಟ್ಟ ವರ್ಷ ನೀರು ಹೊಡೆದವನ ತೋಟದಲ್ಲಿ ಫಸಲು ನಿಲ್ಲುತ್ತದೆ.

ಇಲ್ಲೇ ಜನ ಎಡವುವುದು. ಮಳೆ ಕೈಕೊಟ್ಟ ವರ್ಷದ ಲಾಭವನ್ನೇ ಎಲ್ಲ ವರ್ಷಕ್ಕೂ ಬರೆದುಬಿಡುತ್ತಾರೆ. ಸರಿಯಾದ ಹೊತ್ತಿಗೆ ಹೂಮಳೆ ಬಿದ್ದ ವರ್ಷ ಸ್ಪ್ರಿಂಕ್ಲರ್ ಸುಮ್ನೆ ಶೆಡ್ಡಿನಲ್ಲಿರುತ್ತದೆ, ಅಲ್ವಾ? ಆದ್ದರಿಂದ ಸರಾಸರಿ ಬೇಕು. ಕೊಡಗಿನ ಎಷ್ಟೋ ತೋಟಗಳಲ್ಲಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಟ್ಟ ಹಳೆಯ ಮಳೆ ಪುಸ್ತಕ ಇದೆ. ಅದನ್ನು ತೆಗೆದು ಫೆಬ್ರವರಿ, ಮಾರ್ಚ್ ಪುಟಗಳನ್ನು ನೋಡಿ. ನಮ್ಮ ಉದಾಹರಣೆಯ ತೋಟದಲ್ಲಿ 5 ವರ್ಷಕ್ಕೆ 3 ಸಲ ಮಳೆ ಕೈಕೊಟ್ಟಿದೆ ಅಂತ ಇಟ್ಟುಕೊಳ್ಳೋಣ. ಅಂಥ ವರ್ಷ ಡೀಸೆಲ್, ಕೂಲಿ ಕಳೆದು 8 ಲಕ್ಷ ಜಾಸ್ತಿ ಸಿಗುತ್ತದೆ. ಸರಾಸರಿ ಮಾಡಿದರೆ ವರ್ಷಕ್ಕೆ 4.8 ಲಕ್ಷ. ಓಡಿಸಿದರೂ ಓಡಿಸದಿದ್ದರೂ ರಿಪೇರಿಗೆ ವರ್ಷಕ್ಕೆ 40,000 ಕಳೆಯಿರಿ. ಉಳಿಯುವುದು 4.4 ಲಕ್ಷ. ಸೆಟ್ಟಿನ ಆಯಸ್ಸು 8 ವರ್ಷ, ಬಡ್ಡಿ ದರ ಶೇ. 12.

ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಬರೆಯಿರಿ:

```
=PV(12%,8,-4.4)
=PV(12%,8,-4.4)/15
```

ಮೊದಲನೆಯದು 21.86 ಲಕ್ಷ ತೋರಿಸುತ್ತದೆ. ಎರಡನೆಯದು ಪಿಐ, 1.46. ಎನ್‌ಪಿವಿ 21.86ರಲ್ಲಿ 15 ಕಳೆದರೆ 6.86 ಲಕ್ಷ.

ಅದೇ ಮಳೆ ಪುಸ್ತಕ 5 ವರ್ಷಕ್ಕೆ 3 ಸಲ ಅನ್ನುವ ಬದಲು 2 ಸಲ ಅಂದಿದ್ದರೆ? ರಿಪೇರಿ ಕಳೆದು ವರ್ಷಕ್ಕೆ ಉಳಿಯುವುದು 2.8 ಲಕ್ಷಕ್ಕೆ ಇಳಿಯುತ್ತದೆ, ಪಿಐ 0.93 ಆಗುತ್ತದೆ. ಒಳ್ಳೆಯ ಕೆಲಸ ಅನ್ನಿಸಿದ್ದು ನಷ್ಟದ ಕೆಲಸವಾಯಿತು. ಸೂತ್ರಕ್ಕಿಂತ ಆ ಪುಸ್ತಕದ ಎರಡು ಪುಟ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ.

ನಾಲ್ಕು ಕೆಲಸ ಇದ್ದರೆ ಹೇಗೆ ಸಾಲಿಗೆ ನಿಲ್ಲಿಸುವುದು?

ಉದಾಹರಣೆಯ ತೋಟದ ಪಟ್ಟಿ ಇದು. ಎಲ್ಲ ಅಂಕಿ ಲಕ್ಷ ರೂಪಾಯಿಯಲ್ಲಿ, ದರ ಶೇ. 12.

| ಕೆಲಸ | ಹಾಕುವ ದುಡ್ಡು | ಇವತ್ತಿನ ಬೆಲೆ | ಎನ್‌ಪಿವಿ | ಪಿಐ |
|---|---|---|---|---|
| ಸಿಮೆಂಟ್ ಕಣ | 9 | 14.13 | 5.13 | 1.57 |
| ಕರಿಮೆಣಸು | 6 | 9.10 | 3.10 | 1.52 |
| ಸ್ಪ್ರಿಂಕ್ಲರ್ | 15 | 21.86 | 6.86 | 1.46 |
| ಹೋಂಸ್ಟೇ | 24 | 33.90 | 9.90 | 1.41 |

ಕಣದಿಂದ 10 ವರ್ಷ, ವರ್ಷಕ್ಕೆ 2.5 ಲಕ್ಷ. ಮಣ್ಣಿನ ಮೇಲೆ ಒಣಗಿಸಿದ ಕಾಫಿಗೆ ಮಣ್ಣಿನ ವಾಸನೆ ಹಿಡಿದು ಬೆಲೆ ಬೀಳುವುದು ತಪ್ಪುತ್ತದೆ. ಹೋಂಸ್ಟೇಯಿಂದ 10 ವರ್ಷ, ವರ್ಷಕ್ಕೆ 6 ಲಕ್ಷ. ಮೆಣಸಿನ ಬಳ್ಳಿ ಸಿಲ್ವರ್ ಓಕ್, ಹಾಲವಾಣದ ಮರಕ್ಕೆ ಹಬ್ಬಿ ಫಸಲು ಕೊಡಲು ಮೂರು ವರ್ಷ ಕಾಯಬೇಕು. ಹಾಗಾಗಿ 4ನೇ ವರ್ಷದಿಂದ 12ನೇ ವರ್ಷದವರೆಗೆ, ವರ್ಷಕ್ಕೆ 2.4 ಲಕ್ಷ ಹಿಡಿದಿದ್ದೇನೆ. ಕಾಯುವ ಮೂರು ವರ್ಷಕ್ಕೆ ಇನ್ನೊಂದು ಭಾಗಾಕಾರ ಬೇಕು:

```
=PV(12%,9,-2.4)/1.12^3
```

ಈಗ 30 ಲಕ್ಷ ಹಂಚಿ. ಎನ್‌ಪಿವಿ ದೊಡ್ಡದು ಅಂತ ಹೋದರೆ ಮೊದಲು ಹೋಂಸ್ಟೇ, 24 ಲಕ್ಷ. ಉಳಿದ 6 ಲಕ್ಷಕ್ಕೆ ಮೆಣಸು. ಒಟ್ಟು ಎನ್‌ಪಿವಿ 13 ಲಕ್ಷ. ಪಿಐ ಸಾಲಿನಲ್ಲಿ ಹೋದರೆ ಕಣ, ಮೆಣಸು, ಸ್ಪ್ರಿಂಕ್ಲರ್. 9, 6, 15 ಕೂಡಿದರೆ ಸರಿಯಾಗಿ 30. ಒಟ್ಟು ಎನ್‌ಪಿವಿ 15.09 ಲಕ್ಷ. ಅದೇ 30 ಲಕ್ಷದಿಂದ 2 ಲಕ್ಷಕ್ಕೂ ಜಾಸ್ತಿ ಗಳಿಕೆ. ಹೋಂಸ್ಟೇ ಒಂದೊಂದಾಗಿ ನೋಡಿದಾಗ ಎಲ್ಲಕ್ಕಿಂತ ದೊಡ್ಡದು, ಆದರೆ ಬೇರೆ ಎರಡು ಒಳ್ಳೆಯ ಕೆಲಸದ ಜಾಗವನ್ನು ಅದೊಂದೇ ತಿಂದುಬಿಡುತ್ತದೆ.

ಹಾಗಾದರೆ ಪಿಐ ಸಾಲಿನಲ್ಲಿ ಮೇಲಿಂದ ಕೆಳಗೆ ಹೋದರೆ ಸಾಕಾ?

ಸಾಲದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪಾಠದ ಪುಸ್ತಕ ಓದಿದವರೂ ತಪ್ಪುವುದು ಇಲ್ಲಿ.

ಮೇಲಿನ ಉದಾಹರಣೆಯಲ್ಲಿ 30 ಲಕ್ಷ ಪೈಸೆ ಉಳಿಯದೆ ಮುಗಿಯಿತು. ನಿಜವಾದ ತೋಟದಲ್ಲಿ ಹಾಗೆ ಆಗುವುದು ಕಮ್ಮಿ. ಫಸಲು ಕಮ್ಮಿಯಾಗಿ ಕೈಗೆ 25 ಲಕ್ಷವೇ ಬಂತು ಅನ್ನಿ. ಸಾಲಿನಲ್ಲಿ ಹೋದರೆ ಕಣ ಮತ್ತು ಮೆಣಸು, 15 ಲಕ್ಷ. ಉಳಿದ 10 ಲಕ್ಷಕ್ಕೆ ಸ್ಪ್ರಿಂಕ್ಲರ್ ಬರುವುದಿಲ್ಲ. ಎನ್‌ಪಿವಿ 8.23 ಲಕ್ಷಕ್ಕೆ ನಿಂತಿತು, 10 ಲಕ್ಷ ಸುಮ್ನೆ ಕೂತಿತು. ಎರಡನೇ ಸ್ಥಾನದ ಮೆಣಸನ್ನು ಬಿಟ್ಟು ಕಣ ಮತ್ತು ಸ್ಪ್ರಿಂಕ್ಲರ್ ಮಾಡಿದರೆ 24 ಲಕ್ಷ ಹೋಗುತ್ತದೆ, ಎನ್‌ಪಿವಿ 11.99 ಲಕ್ಷ. ಸಾಲು ಮುರಿದರೂ ಇದೇ ಸರಿ.

ಕಾರಣ ಸರಳ. ಪಿಐ ಸಾಲು ಸರಿಯಾಗಿ ಕೆಲಸ ಮಾಡುವುದು ಕೆಲಸಗಳನ್ನು ಬೇಕಾದಷ್ಟು ತುಂಡು ಮಾಡಬಹುದಾದಾಗ. ಮುಕ್ಕಾಲು ಪಂಪು ತರಲು ಆಗುವುದಿಲ್ಲ. ಆದರೆ ಮೆಣಸು ಹಾಗಲ್ಲ. ಅದನ್ನು ಎಕರೆ ಲೆಕ್ಕದಲ್ಲಿ, ಮರದ ಲೆಕ್ಕದಲ್ಲಿ ಕೂಡ ನೆಡಬಹುದು. ಹಾಗಾಗಿ ಉಳಿದ 1 ಲಕ್ಷಕ್ಕೆ ಆರನೇ ಒಂದು ಭಾಗ ಬಳ್ಳಿ ನೆಟ್ಟರೆ ಇನ್ನೂ ಸುಮಾರು 52,000 ಸೇರುತ್ತದೆ. ಒಟ್ಟು 12.51 ಲಕ್ಷ.

ನಾನು ಮಾಡುವ ಕ್ರಮ ಇದು. ಮೊದಲು ಪಿಐ ಸಾಲು ಹಾಕುತ್ತೇನೆ. ಆಮೇಲೆ ತುಂಡಾಗದ ಕೆಲಸಗಳನ್ನು ಬೇರೆ ಬೇರೆ ಜೋಡಿ ಮಾಡಿ, ಮಿತಿಯೊಳಗೆ ಕೂರುವ ಜೋಡಿಗಳ ಒಟ್ಟು ಎನ್‌ಪಿವಿ ನೋಡುತ್ತೇನೆ. ತುಂಡಾಗುವ ಕೆಲಸವನ್ನು ಸಂದು ತುಂಬಲು ಕೊನೆಗೆ ಇಟ್ಟುಕೊಳ್ಳುತ್ತೇನೆ. ನಾಲ್ಕೈದು ಕೆಲಸ ಇದ್ದರೆ ಒಂದು ಹಾಳೆಯಲ್ಲಿ ಮುಗಿಯುತ್ತದೆ. ತೀರ್ಪು ಕೊಡುವುದು ಯಾವಾಗಲೂ ಒಟ್ಟು ಎನ್‌ಪಿವಿ. ಪಿಐ ಹುಡುಕುವ ದಾರಿ ತೋರಿಸುತ್ತದೆ.

ಕಣ ಚಿಕ್ಕದಾ, ದೊಡ್ಡದಾ? ಎರಡರಲ್ಲಿ ಒಂದೇ ಮಾಡುವಾಗ ಪಿಐ ನೋಡಬಹುದಾ?

ನೇರವಾಗಿ ನೋಡಬಾರದು. ದೊಡ್ಡ ಕಣಕ್ಕೆ 14 ಲಕ್ಷ, ವರ್ಷಕ್ಕೆ 3.6 ಲಕ್ಷ ಉಳಿತಾಯ ಅನ್ನಿ. ಎನ್‌ಪಿವಿ 6.34 ಲಕ್ಷ, ಪಿಐ 1.45. ಪಟ್ಟಿಯಲ್ಲಿರುವ 9 ಲಕ್ಷದ್ದು ಚಿಕ್ಕದು, ಅದರ ಪಿಐ 1.57. ಪಿಐ ಚಿಕ್ಕದು ಅನ್ನುತ್ತದೆ, ಎನ್‌ಪಿವಿ ದೊಡ್ಡದು ಅನ್ನುತ್ತದೆ. ಇಬ್ಬರನ್ನೂ ಬಿಟ್ಟು, ಮೇಲೆ ಹಾಕುವ 5 ಲಕ್ಷವನ್ನು ಮಾತ್ರ ಒಂದು ಬೇರೆ ಕೆಲಸ ಅಂತ ನೋಡಿ. ಆ 5 ಲಕ್ಷ ವರ್ಷಕ್ಕೆ 1.1 ಲಕ್ಷ ತರುತ್ತದೆ. ಇವತ್ತಿನ ಬೆಲೆ 6.22 ಲಕ್ಷ, ಪಿಐ 1.24.

30 ಲಕ್ಷದ ಮಿತಿಯಲ್ಲಿ ನಾವು ಕೊನೆಗೆ ಸೇರಿಸಿಕೊಂಡದ್ದು ಸ್ಪ್ರಿಂಕ್ಲರ್, ಅದರ ಪಿಐ 1.46. ಅದನ್ನು ಬಿಟ್ಟು 1.24ರ ಕೆಲಸಕ್ಕೆ ದುಡ್ಡು ಕೊಡುವುದು ತಪ್ಪು. ಹಾಗಾಗಿ ಚಿಕ್ಕ ಕಣವೇ ಸಾಕು. ಕೈಯಲ್ಲಿ 35 ಲಕ್ಷ ಇದ್ದರೆ ಮಾತು ಬೇರೆ. ಮೂರೂ ಕೆಲಸ ಮುಗಿದು 5 ಲಕ್ಷ ಉಳಿಯುತ್ತದೆ, ಅದಕ್ಕೆ ಹೋಂಸ್ಟೇ ಬರುವುದಿಲ್ಲ. ಆಗ ಕಣವನ್ನು ದೊಡ್ಡದು ಮಾಡಿದರೆ ಒಟ್ಟು 16.30 ಲಕ್ಷ. ಬೇರೆ ಯಾವ ಜೋಡಿಯೂ ಅಷ್ಟು ಕೊಡುವುದಿಲ್ಲ. ಅದೇ ಕಣ, ಅದೇ ಸಿಮೆಂಟು. ಮಿತಿ ಬದಲಾದ್ದರಿಂದ ಉತ್ತರ ಬದಲಾಯಿತು.

ಮೆಣಸಿಗೆ ಮುಂದಿನ ವರ್ಷವೂ ಖರ್ಚಿದೆ. ಪಿಐ ಭಾಗಾಕಾರದಲ್ಲಿ ಅದು ಮೇಲಾ, ಕೆಳಗಾ?

ತುಂಬ ಒಳ್ಳೆಯ ಪ್ರಶ್ನೆ. ಪಟ್ಟಿಯ 6 ಲಕ್ಷದಲ್ಲಿ ಈ ವರ್ಷ ನೆಡುವ ಖರ್ಚು 4.5 ಲಕ್ಷ ಮಾತ್ರ. ಉಳಿದದ್ದು ಮೂರು ವರ್ಷ ಬಳ್ಳಿ ಕಟ್ಟಿಸುವುದು, ಗೊಬ್ಬರ, ಬೋರ್ಡೋ ದ್ರಾವಣ ಹೊಡೆಸುವುದು. ವರ್ಷಕ್ಕೆ 62,500, ಇವತ್ತಿನ ಬೆಲೆಗೆ ಇಳಿಸಿದರೆ 1.5 ಲಕ್ಷ.

ಅದನ್ನು ಕೆಳಗೆ, ಹಾಕುವ ದುಡ್ಡಿಗೆ ಸೇರಿಸಿದರೆ 9.10ನ್ನು 6ರಿಂದ ಭಾಗಿಸಿ 1.52. ಮೇಲೆ, ಬರುವ ದುಡ್ಡಿನಿಂದ ಕಳೆದರೆ 7.60ನ್ನು 4.5ರಿಂದ ಭಾಗಿಸಿ 1.69. ಎನ್‌ಪಿವಿ ಎರಡರಲ್ಲೂ ಅದೇ 3.10 ಲಕ್ಷ. ಆದರೆ ಸಾಲಿನಲ್ಲಿ ಮೆಣಸು ಕಣವನ್ನು ಹಿಂದೆ ಹಾಕಿ ಮೊದಲು ಬಂದುಬಿಡುತ್ತದೆ!

ಯಾವುದು ಸರಿ ಅನ್ನುವುದು ದುಡ್ಡಿನ ಬಿಗಿ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಈ ವರ್ಷ ಮಾತ್ರ ಬಿಗಿ, ಮುಂದಿನ ವರ್ಷದ ಆರೈಕೆ ಮುಂದಿನ ಫಸಲಿನಿಂದ ಸಲೀಸಾಗಿ ನಡೆಯುತ್ತದೆ ಅಂದರೆ 1.69 ಸರಿ. ಕೆಳಗೆ ಬರೆಯಬೇಕಾದ್ದು ಕೊರತೆ ಇರುವ ದುಡ್ಡನ್ನು ಮಾತ್ರ. ಆರೈಕೆಯ ದುಡ್ಡನ್ನೂ ಈಗಲೇ ತೆಗೆದಿಡಬೇಕು ಅಂದರೆ 1.52. ನಾನು ಪಟ್ಟಿಯಲ್ಲಿ ಎರಡನೆಯದನ್ನು ಹಿಡಿದಿದ್ದೇನೆ. ಯಾವುದನ್ನೇ ಹಿಡಿಯಿರಿ, ನಾಲ್ಕೂ ಕೆಲಸಕ್ಕೆ ಒಂದೇ ನಿಯಮ ಇರಲಿ. ಒಂದಕ್ಕೆ ಹೀಗೆ, ಇನ್ನೊಂದಕ್ಕೆ ಹಾಗೆ ಬರೆದು ತಮಗೆ ಇಷ್ಟದ ಕೆಲಸವನ್ನು ಮೇಲೆ ತಂದವರನ್ನು ನೋಡಿದ್ದೇನೆ.

ಎರಡು ಮೂರು ವರ್ಷವೂ ಬೇರೆ ಬೇರೆ ಮಿತಿ ಇದ್ದರೆ ಒಂದು ಪಿಐ ಅಂಕಿಯಿಂದ ಆಗುವುದಿಲ್ಲ. ಅದಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಅನ್ನುವ ಲೆಕ್ಕ ಬೇಕು. ಸ್ಪ್ರೆಡ್‌ಶೀಟಿನ Solver ಅದನ್ನು ಮಾಡಿಕೊಡುತ್ತದೆ.

ಸಬ್ಸಿಡಿ ಬರುತ್ತದೆ ಅಂದರೆ ಹಾಕುವ ದುಡ್ಡಿನಿಂದ ಕಳೆಯಬಹುದಲ್ವಾ?

ಕೆಲಸ ಶುರುವಾಗುವ ಮುಂಚೆ ಕೈಗೆ ಬಂದರೆ ಕಳೆಯಿರಿ. ಕೆಲಸ ಮುಗಿದು, ಬಿಲ್ಲು ಕೊಟ್ಟು, ತಪಾಸಣೆಯಾದ ಮೇಲೆ ಬರುವ ಸಬ್ಸಿಡಿಯನ್ನು ಕಳೆಯಬಾರದು. ಮೊದಲು 15 ಲಕ್ಷವೂ ನಿಮ್ಮ ಜೇಬಿನಿಂದಲೇ ಹೋಗಬೇಕು. ಸ್ಪ್ರಿಂಕ್ಲರಿಗೆ ಒಂದು ವರ್ಷದ ಮೇಲೆ 3 ಲಕ್ಷ ಬರುತ್ತದೆ ಅಂತ ಇಟ್ಟುಕೊಳ್ಳಿ. ಇವತ್ತಿನ ಬೆಲೆ 2.68 ಲಕ್ಷ. ಅದನ್ನು ಮೇಲೆ ಸೇರಿಸಿದರೆ ಪಿಐ 1.64. 15ರಿಂದ ಕಳೆದು 12 ಅಂತ ಬರೆದರೆ 1.82 ತೋರಿಸುತ್ತದೆ, ಅದು ಸುಳ್ಳು ಅಂಕಿ. ಅದಕ್ಕಿಂತ ಕಷ್ಟ ಏನೆಂದರೆ, 3 ಲಕ್ಷ ಉಳಿಯಿತು ಅಂತ ಬೇರೆ ಕೆಲಸ ಶುರು ಮಾಡಿ ನಡುವೆ ದುಡ್ಡಿಲ್ಲದೆ ನಿಲ್ಲಬೇಕಾಗುತ್ತದೆ.

ಬಡ್ಡಿ ದರ ಎಷ್ಟು ಹಿಡಿಯಬೇಕು? ಅದರಿಂದ ಸಾಲು ಬದಲಾಗುತ್ತದಾ?

ಬದಲಾಗುತ್ತದೆ, ಅದೂ ಮೆಣಸಿನಂಥ ಕಾಯುವ ಬೆಳೆಗೆ ಜಾಸ್ತಿ. ಅದೇ ನಾಲ್ಕು ಕೆಲಸವನ್ನು, ಮೆಣಸಿನ ಆರೈಕೆ ಖರ್ಚನ್ನೂ ಸೇರಿಸಿ, ಶೇ. 16ರಲ್ಲಿ ಹಾಕಿ ನೋಡಿದೆ. ಕಣ 1.34, ಸ್ಪ್ರಿಂಕ್ಲರ್ 1.27, ಹೋಂಸ್ಟೇ 1.21, ಮೆಣಸು 1.20. ಎರಡನೇ ಸ್ಥಾನದಲ್ಲಿದ್ದ ಮೆಣಸು ಕೊನೆಗೆ ಬಿತ್ತು. ಬರುವ ದುಡ್ಡೆಲ್ಲ ದೂರದ ವರ್ಷಗಳಲ್ಲಿ ಇರುವುದೇ ಕಾರಣ.

ದರ ಹಿಡಿಯುವಾಗ ಸಾಲದ ಬಡ್ಡಿಯನ್ನು ಮಾತ್ರ ನೋಡಬೇಡಿ. ಸ್ವಂತ ದುಡ್ಡಿಗೂ ಬೆಲೆ ಇದೆ, ಮೇಲೆ ಫಸಲಿನ ಅಪಾಯ ಇದೆ. ಎರಡು ದರದಲ್ಲಿ ಹಾಕಿ ನೋಡಿ. ಎರಡರಲ್ಲೂ ಮೇಲೆಯೇ ನಿಲ್ಲುವ ಕೆಲಸದ ಬಗ್ಗೆ ಚಿಂತೆ ಇಲ್ಲ. ನಮ್ಮ ಪಟ್ಟಿಯಲ್ಲಿ ಅದು ಕಣ. ಜಾರುವ ಕೆಲಸದ ಬಗ್ಗೆ ಪಾಲುದಾರರು ಕೂತು ಮಾತಾಡಬೇಕು.

ಒಂದು ಕೆಲಸದ ಲಾಭ ಇನ್ನೊಂದನ್ನು ನೆಚ್ಚಿಕೊಂಡಿದ್ದರೆ?

ಪಿಐ ಸಾಲು ಪ್ರತಿ ಕೆಲಸವೂ ತನ್ನ ಕಾಲ ಮೇಲೆ ನಿಂತಿದೆ ಅಂತ ನಂಬುತ್ತದೆ. ಸ್ಪ್ರಿಂಕ್ಲರಿನಿಂದ ಬಂದ ಹೆಚ್ಚಿನ ಫಸಲನ್ನು ಒಣಗಿಸಲು ಕಣವೇ ಇಲ್ಲದಿದ್ದರೆ ಆ 8 ಲಕ್ಷ ಪೂರ್ತಿ ಬರುವುದಿಲ್ಲ. ಅಂಥಲ್ಲಿ ಕಣ ಮಾತ್ರ, ಸ್ಪ್ರಿಂಕ್ಲರ್ ಮಾತ್ರ, ಎರಡೂ ಸೇರಿ, ಹೀಗೆ ಮೂರು ಬೇರೆ ಕೆಲಸ ಅಂತ ಬರೆದು, ಮೂರರಲ್ಲಿ ಒಂದನ್ನು ಆರಿಸಿ.

ಹೋಂಸ್ಟೇ ಕೊನೆಯಲ್ಲಿದೆ. ಆದರೆ ಕಾಫಿ ಬಿದ್ದ ವರ್ಷ ಅದೇ ಕೈಹಿಡಿಯುತ್ತದೆ ಅಲ್ವಾ?

ಕೆಲವು ವರ್ಷ ಹೌದು. ಆ ಆಸರೆ ಪಿಐ ಅಂಕಿಯಲ್ಲಿ ಕಾಣುವುದಿಲ್ಲ, ಅದನ್ನು ನೀವೇ ಪಕ್ಕದಲ್ಲಿಟ್ಟು ತೂಗಬೇಕು. ಆದರೆ 2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಅದೇ ಮಳೆ ಗುಡ್ಡವನ್ನೂ ಕುಸಿಸಿತು, ತೋಟವನ್ನೂ ಕೊಂಡೊಯ್ದಿತು, ಪ್ರವಾಸಿಗರನ್ನೂ ನಿಲ್ಲಿಸಿತು. ವರ್ಷಕ್ಕೆ 6 ಲಕ್ಷ ಅಂತ ಬರೆಯುವಾಗ ಮಳೆಗಾಲದ ಖಾಲಿ ರೂಮುಗಳನ್ನೂ, ಅಂಥ ಒಂದು ವರ್ಷವನ್ನೂ ಸರಾಸರಿಗೆ ಸೇರಿಸಿದ್ದೀರಾ ಅಂತ ಮೊದಲು ನೋಡಿ.

ನಮಗೆ ದುಡ್ಡಿಗಿಂತ ಕೆಲಸದವರದ್ದೇ ಕೊರತೆ. ಆಗಲೂ ಇದೇ ಲೆಕ್ಕವಾ?

ಲೆಕ್ಕ ಅದೇ, ಭಾಗಿಸುವ ಅಂಕಿ ಬೇರೆ. ಯಾವುದರ ಕೊರತೆ ಇದೆಯೋ ಅದರಿಂದ ಎನ್‌ಪಿವಿಯನ್ನು ಭಾಗಿಸಿ. ಮೆಣಸಿಗೆ 600 ಆಳು ದಿನ, ಕಣಕ್ಕೆ 300, ಸ್ಪ್ರಿಂಕ್ಲರಿಗೆ 150 ಬೇಕು ಅಂತ ಇಟ್ಟುಕೊಳ್ಳಿ. ಒಂದು ಆಳು ದಿನಕ್ಕೆ ಮೆಣಸು ಕೊಡುವುದು ಸುಮಾರು 520 ರೂಪಾಯಿ, ಕಣ 1,710, ಸ್ಪ್ರಿಂಕ್ಲರ್ 4,570. ದುಡ್ಡಿನ ಸಾಲಿನಲ್ಲಿ ಈ ಮೂರರಲ್ಲಿ ಕೊನೆಗಿದ್ದ ಸ್ಪ್ರಿಂಕ್ಲರ್ ಇಲ್ಲಿ ಮೊದಲು. ದುಡ್ಡೂ ಆಳೂ ಎರಡೂ ಬಿಗಿ ಇದ್ದರೆ ಎರಡು ಮಿತಿಯನ್ನೂ ಒಟ್ಟಿಗೆ Solver ಒಳಗೆ ಬರೆಯಬೇಕು, ಒಂದೇ ಸಾಲಿನಿಂದ ಆಗುವುದಿಲ್ಲ.